ಸೊಂಟದ ಎಂಆರ್‌ಐ, ಕುತ್ತಿಗೆಯ ತೊಂದರೆ

ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿಹೋದದ್ದೇ ಗೊತ್ತಾಗುವುದಿಲ್ಲ ಎಂದು ರೋಗಿ ಹೇಳಿದರೆ ನರರೋಗ ತಜ್ಞರ ಕಿವಿ ನಿಮಿರುತ್ತದೆ. ಅಂಥ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 55. ಮೂರು ತಿಂಗಳಿಂದ ಎರಡೂ ಕಾಲು ಬಿಗಿದುಕೊಳ್ಳುತ್ತಿವೆ. ಮೊದಲು ಮೆಟ್ಟಿಲು ಹತ್ತುವುದು ಕಷ್ಟವಾಯಿತು, ಈಗ ಗೋಡೆ ಹಿಡಿದೇ ನಡೆಯಬೇಕು. ಜೊತೆಗೆ ಹಳೆಯ ಸೊಂಟನೋವು. ಹಾಗಾಗಿ ಸೊಂಟದ ಎಂಆರ್‌ಐ ಮಾಡಿಸಿದರು. ಎಲ್4-ಎಲ್5ರಲ್ಲಿ ಡಿಸ್ಕ್ ಉಬ್ಬಿದೆ, ಥೀಕಲ್ ಸ್ಯಾಕ್ ಸ್ವಲ್ಪ ಒತ್ತಿದೆ ಎಂದು ವರದಿ ಬಂತು. ಕಾರಣ ಸಿಕ್ಕಿತಲ್ಲ ಎಂದು ಮನೆಯವರು ನಿಟ್ಟುಸಿರುಬಿಟ್ಟರು.

ಆದರೆ ಕಾರಣ ಸಿಕ್ಕಿರಲಿಲ್ಲ. ದೊಡ್ಡವರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಎಲ್1-ಎಲ್2ರ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಇರುವುದು ಬಿಡಿ ಬಿಡಿ ನರಗಳು. ಅವು ಒತ್ತಿಕೊಂಡರೆ ಕಾಲು ಸಡಿಲವಾಗಿ ಸೋಲುತ್ತದೆ, ಸುತ್ತಿಗೆಯಿಂದ ತಟ್ಟಿದಾಗ ಪ್ರತಿಕ್ರಿಯೆ ಕುಗ್ಗುತ್ತದೆ. ಇವರದು ತದ್ವಿರುದ್ಧ: ಕಾಲು ಬಿಗಿ, ಮಂಡಿಯ ಕೆಳಗೆ ತಟ್ಟಿದರೆ ಕಾಲು ಜೋರಾಗಿ ಚಿಮ್ಮುತ್ತದೆ, ಅಂಗಾಲು ಗೀರಿದರೆ ಹೆಬ್ಬೆರಳು ಮೇಲಕ್ಕೆ ಏಳುತ್ತದೆ. ಈ ಲಕ್ಷಣಗಳು ತೋರಿಸುವುದು ಹುರಿಯ ಕಡೆಗೆ. ಅಂದರೆ ತೊಂದರೆ ಸೊಂಟಕ್ಕಿಂತ ಮೇಲೆ, ಎದೆಯ ಮಟ್ಟದಲ್ಲೋ ಕುತ್ತಿಗೆಯಲ್ಲೋ ಇದೆ. ಈ ವಯಸ್ಸಿನಲ್ಲಿ ಕುತ್ತಿಗೆಯ ಡಿಸ್ಕ್ ಸವೆತ ಸಾಮಾನ್ಯ. ನಮ್ಮಲ್ಲಿ ಬೆನ್ನುಮೂಳೆಯ ಕ್ಷಯವನ್ನೂ ಮರೆಯುವಂತಿಲ್ಲ. ಕೋಲಾರ, ಪಾವಗಡದಂಥ ಫ್ಲೋರೈಡ್ ನೀರಿನ ಸೀಮೆಯವರಾದರೆ ಬೆನ್ನುಮೂಳೆಯ ಲಿಗಮೆಂಟ್‌ಗಳೇ ಗಟ್ಟಿಯಾಗಿ ಹುರಿಯನ್ನು ಒತ್ತುವುದೂ ಉಂಟು. ಸೊಂಟದ ಸ್ಕ್ಯಾನ್ ಜೊತೆಗೇ ಇಡೀ ಬೆನ್ನಿನ ಒಂದು ಉದ್ದ ಚಿತ್ರ ತೆಗೆಯಲು ಕೆಲವೇ ನಿಮಿಷ ಹೆಚ್ಚು ಬೇಕು. ಚೀಟಿಯಲ್ಲಿ ಬರೀ ‘ಸೊಂಟನೋವು’ ಎಂದಿದ್ದರೆ ಅದನ್ನು ತೆಗೆಯಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ‘ಎರಡೂ ಕಾಲಿನ ಶಕ್ತಿ ಕುಂದುತ್ತಿದೆ, ಮೂರು ತಿಂಗಳಿಂದ’ ಎಂದು ಬರೆಸಿಕೊಳ್ಳುವುದು ಅದಕ್ಕೇ ಮುಖ್ಯ.

ಕುತ್ತಿಗೆಯ ಎಂಆರ್‌ಐ ಆಯಿತೆನ್ನಿ. ವರದಿಯ ತಿರುಳು ಇಷ್ಟು: ಸಿ5-ಸಿ6ರಲ್ಲಿ ಡಿಸ್ಕ್ ಮತ್ತು ಮೂಳೆಯ ಮುಳ್ಳು ಸೇರಿ ಕಾರ್ಡ್ ಕಂಪ್ರೆಷನ್, ಅಲ್ಲೇ ಟಿ2 ಹೈಪರ್‌ಇಂಟೆನ್ಸಿಟಿ, ಸಿ7ರಲ್ಲಿ 2 ಮಿ.ಮೀ. ಅಗಲದ ಸಿರಿಂಕ್ಸ್ ಅಥವಾ ಉಳಿದುಕೊಂಡ ಸೆಂಟ್ರಲ್ ಕೆನಾಲ್.

ಒತ್ತಡದ ಮಾತುಗಳಲ್ಲಿ ಮೆಟ್ಟಿಲುಗಳಿವೆ. ಥೀಕಲ್ ಸ್ಯಾಕ್ ಒತ್ತಿದೆ ಎಂದರೆ ಹುರಿಯನ್ನು ಸುತ್ತಿದ ಚೀಲ ಮಾತ್ರ ತಗ್ಗಾಗಿದೆ. ಇದು ಏನೂ ತೊಂದರೆಯಿಲ್ಲದ ಎಷ್ಟೋ ಜನರ ವರದಿಯಲ್ಲೂ ಇರುತ್ತದೆ. ಹುರಿಯ ಸುತ್ತಲಿನ ನೀರಿನ ಜಾಗ ಅಳಿಸಿಹೋಗಿದೆ ಎಂದರೆ ಒಂದು ಹೆಜ್ಜೆ ಮುಂದೆ. ಹುರಿಯೇ ಚಪ್ಪಟೆಯಾದರೆ ಕಂಪ್ರೆಷನ್. ಒಳಗೆ ಟಿ2 ಚಿತ್ರದಲ್ಲಿ ಬಿಳಿ ಮಚ್ಚೆ ಕಂಡರೆ ಹುರಿಯ ಅಂಗಾಂಶಕ್ಕೇ ಪೆಟ್ಟಾಗಿದೆ. ಆ ಮಚ್ಚೆ ಬಾವು ಆಗಿರಬಹುದು, ಮರಳಿ ಬಾರದ ಹಾನಿಯೂ ಆಗಿರಬಹುದು. ಒಂದೇ ಚಿತ್ರದಿಂದ ಖಚಿತವಾಗಿ ಹೇಳಲು ಬರುವುದಿಲ್ಲ. ಆಪರೇಷನ್ನಿನ ಮೊದಲ ಉದ್ದೇಶ ರೋಗ ಇನ್ನೂ ಮುಂದುವರಿಯದಂತೆ ತಡೆಯುವುದು. ಕಳೆದುಹೋದ ಶಕ್ತಿ ಎಷ್ಟು ಮರಳುತ್ತದೆ ಎಂಬುದು ಎಷ್ಟು ಬೇಗ ಹೋದಿರಿ ಎನ್ನುವುದನ್ನೂ ಅವಲಂಬಿಸಿದೆ.

ವಿಚಿತ್ರವೆಂದರೆ ಮನೆಯವರು ಮೊಬೈಲಿನಲ್ಲಿ ಹುಡುಕಿ ಹೆದರುವುದು ಸಿರಿಂಕ್ಸ್ ಎಂಬ ಪದಕ್ಕೆ. ಅದು ಹುರಿಯೊಳಗೆ ನೀರು ತುಂಬಿದ ಪೊಳ್ಳು. ಆದರೆ ಹುಟ್ಟಿನಿಂದ ಉಳಿದುಕೊಂಡ ನಡುಗಾಲುವೆಯೂ ಚಿತ್ರದಲ್ಲಿ ಹಾಗೆಯೇ ಕಾಣುತ್ತದೆ. ಒಂದೆರಡು ಮಿ.ಮೀ. ಅಗಲ, ನೇರ ಅಂಚು, ಹುರಿ ಉಬ್ಬಿಲ್ಲ ಎಂದಾದರೆ ಬಹುಪಾಲು ನಿರುಪದ್ರವಿ. ಪೊಳ್ಳು ಅಗಲವಾಗಿ ಹುರಿಯನ್ನು ಉಬ್ಬಿಸಿದ್ದರೆ ಅಥವಾ ಬಿಸಿ ಪಾತ್ರೆ ಮುಟ್ಟಿ ಕೈ ಸುಟ್ಟರೂ ಉರಿ ತಿಳಿಯದಿದ್ದರೆ ಮಾತು ಬೇರೆ. ಆಗ ಕಾರಣ ಹುಡುಕಬೇಕು: ಚಿಕ್ಕಮೆದುಳಿನ ತುದಿ ತಲೆಬುರುಡೆಯಿಂದ ಕೆಳಕ್ಕೆ ಇಳಿದ ಕಿಯಾರಿ ದೋಷವೇ, ಹಳೆಯ ಪೆಟ್ಟೇ, ಗಡ್ಡೆಯೇ ಎಂದು. ಗಡ್ಡೆಯ ಅನುಮಾನಕ್ಕೆ ಕಾಂಟ್ರಾಸ್ಟ್ ಚುಚ್ಚಿ ಮತ್ತೊಮ್ಮೆ ಸ್ಕ್ಯಾನ್ ಮಾಡುತ್ತಾರೆ. ನಮ್ಮ ರೋಗಿಯ ವರದಿಯಲ್ಲಿ ತೂಕವಿರುವುದು ಮೊದಲ ಎರಡು ಮಾತುಗಳಿಗೆ.

ತೀವ್ರ ಒತ್ತಡ ಕಂಡಾಗ ರೇಡಿಯಾಲಜಿಸ್ಟ್ ಚಿಕಿತ್ಸಕ ವೈದ್ಯರಿಗೆ ಫೋನು ಮಾಡಿ, ಯಾರಿಗೆ, ಎಷ್ಟು ಗಂಟೆಗೆ ತಿಳಿಸಿದೆ ಎಂದು ವರದಿಯಲ್ಲೇ ಬರೆಯುವ ಕ್ರಮವಿದೆ. ಆ ಸಾಲು ಇಲ್ಲವೆಂದ ಮಾತ್ರಕ್ಕೆ ತುರ್ತಲ್ಲ ಎಂದುಕೊಳ್ಳಬೇಡಿ. ಈಗ ವರದಿ ವೈದ್ಯರಿಗಿಂತ ಮೊದಲು ರೋಗಿಯ ವಾಟ್ಸಾಪ್‌ಗೆ ಬರುತ್ತದೆ, ವೈದ್ಯರ ಭೇಟಿ ಮುಂದಿನ ವಾರಕ್ಕಿರುತ್ತದೆ. ಕಾಲಿನ ಶಕ್ತಿ ಕುಂದುತ್ತಿದ್ದು ವರದಿಯಲ್ಲಿ ಕಾರ್ಡ್ ಕಂಪ್ರೆಷನ್ ಎಂದಿದ್ದರೆ ಅಂದೇ ಸ್ಕ್ಯಾನ್ ಬರೆದುಕೊಟ್ಟ ವೈದ್ಯರಿಗೆ ಫೋನು ಮಾಡಿ, ಆ ಸಾಲನ್ನು ಓದಿ ಹೇಳಿ. ದಿನದಿಂದ ದಿನಕ್ಕೆ ನಡಿಗೆ ಕೆಡುತ್ತಿದ್ದರೆ, ಮೂತ್ರ ಕಟ್ಟಿದ್ದರೆ ಇಲ್ಲವೇ ತಿಳಿಯದೆ ಹೋಗುತ್ತಿದ್ದರೆ, ಗುದ ಮತ್ತು ತೊಡೆಸಂದಿಯ ಸುತ್ತ ಸ್ಪರ್ಶ ತಪ್ಪಿದ್ದರೆ ಓಪಿಡಿಗೆ ಕಾಯಬೇಡಿ. ಫಿಲ್ಮು, ಸಿಡಿ ಹಿಡಿದುಕೊಂಡು ಆ ರಾತ್ರಿಯೇ ನ್ಯೂರೋಸರ್ಜನ್ ಇರುವ ಆಸ್ಪತ್ರೆಯ ಕ್ಯಾಶುವಾಲಿಟಿಗೆ ಹೋಗಿ.