ಮೀನುಗಳಿಗೆ ಈಜು ಕಲಿಸಿದ ವಾರ್ತೆ

ನನ್ನ ಮೊಮ್ಮಗಳು ಏಳನೇ ತರಗತಿ. ಹೋದ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ‘ತರಲೆ ವಾರ್ತೆಗಳು’ ಓದಲು ವೇದಿಕೆ ಹತ್ತಿದವಳು ಮೊದಲನೇ ಸುದ್ದಿ ಮುಗಿಯುವ ಮುಂಚೆಯೇ ಕಿಸಕ್ಕನೆ ನಕ್ಕುಬಿಟ್ಟಳು. ನಗು ತಡೆಯಲು ಹೋದಷ್ಟೂ ಹೆಚ್ಚಾಯಿತು. ಎದುರಿಗೆ ಕೂತಿದ್ದವರಲ್ಲಿ ಒಬ್ಬರೂ ನಗಲಿಲ್ಲ. ಕೊನೆಗೆ ಹಾಳೆ ಹಿಡಿದುಕೊಂಡೇ ಕೆಳಗಿಳಿದು ಬಂದಳು. ಆಮೇಲೆ ಒಂದು ತಿಂಗಳು ತರಗತಿಯಲ್ಲಿ ಅವಳ ಹೆಸರು ‘ಕಿಸಕ್’.

ಈ ವರ್ಷ ಮತ್ತೆ ಅದೇ ವಾರ್ತೆ ಓದುತ್ತೇನೆಂದು ಹೆಸರು ಕೊಟ್ಟು ಬಂದಿದ್ದಳು. ಹಟಮಾರಿ, ಅವಳ ಅಜ್ಜಿಯ ಹಾಗೆ. ಒಂದು ಸಂಜೆ ಹಾಳೆ ತಂದು ನನ್ನ ಮುಂದೆ ಹಿಡಿದಳು. “ತಾತ, ಇದು ನಗು ಬರೋ ಥರಾನೇ ಇದೆಯಲ್ವಾ? ಹಾಗಾದ್ರೆ ಯಾಕೆ ಯಾರೂ ನಗಲಿಲ್ಲ?”

“ಎಲ್ಲಿ, ಓದು,” ಎಂದೆ.

ಅವಳು ಕಣ್ಣರಳಿಸಿ, ಕೈಯಾಡಿಸುತ್ತಾ ಓದಿದಳು: “ನಮ್ಮೂರ ಕೆರೆ ಮೀನುಗಳಿಗೆ ಈಜೋಕೇ ಬರಲ್ವಂತೆ! ಹ್ಹಹ್ಹ! ಅವಕ್ಕೆ ಈಜು ಕ್ಲಾಸ್ ಅಂತೆ!”

ವಿಷಯ ಚೆನ್ನಾಗಿತ್ತು. ಆದರೆ ಕೇಳುವವರು ನಗಬೇಕಾದ ನಗುವನ್ನು ಅವಳೇ ಮೊದಲು ನಕ್ಕು ಮುಗಿಸಿದ್ದಳು. ‘ಇದು ತಮಾಷೆ, ಇಲ್ಲಿ ನಗಬೇಕು’ ಎಂದು ಮುಖ ಮೊದಲೇ ಹೇಳಿಬಿಟ್ಟರೆ, ಕೇಳುವವನಿಗೆ ಕಂಡುಹಿಡಿಯಲು ಏನೂ ಉಳಿಯುವುದಿಲ್ಲ. ಒಗಟು ಕೇಳುವಾಗಲೇ ಉತ್ತರವನ್ನೂ ಹೇಳಿದಂತೆ ಅದು.

ಅವತ್ತು ಅವಳಿಗೆ ಒಂದು ನಿಜವಾದ ಕಥೆ ಹೇಳಿದೆ. ಬ್ರಿಟನ್ನಿನ ಬಿ.ಬಿ.ಸಿ. ಟಿ.ವಿ.ಯಲ್ಲಿ ‘ಪನೋರಮಾ’ ಎಂಬ ಕಾರ್ಯಕ್ರಮವಿದೆ. ದೇಶ ವಿದೇಶದ ಗಂಭೀರ ವಿಷಯಗಳನ್ನು ಚರ್ಚಿಸುವ ಕಾರ್ಯಕ್ರಮ. 1957ರ ಏಪ್ರಿಲ್ 1ರಂದು ಅದರ ಕೊನೆಯಲ್ಲಿ ಸುಮಾರು ಮೂರು ನಿಮಿಷದ ಒಂದು ಚಿತ್ರ ಬಂತು. ಸ್ವಿಟ್ಜರ್ಲೆಂಡಿನ ದಕ್ಷಿಣ ಭಾಗದಲ್ಲಿ ಒಂದು ಕುಟುಂಬ ಮರಗಳಿಂದ ಸ್ಪಾಗೆಟಿ ಕೊಯ್ಯುತ್ತಿರುವ ದೃಶ್ಯ.

ಸ್ಪಾಗೆಟಿ ಎಂದರೆ ಇಟಲಿಯವರ ಶಾವಿಗೆ ಎನ್ನಬಹುದು. ಗೋಧಿ ಹಿಟ್ಟಿನಿಂದ ಮಾಡುತ್ತಾರೆ. ನಮ್ಮ ಶಾವಿಗೆಗಿಂತ ದಪ್ಪ, ಉದ್ದ. ಚಿತ್ರದಲ್ಲಿ ಅದು ಕೊಂಬೆಗಳಿಂದ ಜೋತಾಡುತ್ತಿತ್ತು. ಹೆಂಗಸರು ಎಳೆ ಎಳೆಯಾಗಿ ಕಿತ್ತು ಬುಟ್ಟಿಗೆ ತುಂಬಿ, ಬಿಸಿಲಿನಲ್ಲಿ ಹರವುತ್ತಿದ್ದರು. ಹಿಂದಿನಿಂದ ವಿವರಣೆ ಕೊಡುತ್ತಿದ್ದವರು ರಿಚರ್ಡ್ ಡಿಂಬಲ್ಬಿ. 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕವನ್ನು ಟಿ.ವಿ. ನೋಡುಗರಿಗೆ ವರ್ಣಿಸಿದ್ದವರೂ ಅವರೇ. ಆ ದೇಶದವರಿಗೆ ಅವರ ದನಿ ಎಂದರೆ ನಂಬಿಕೆಯ ದನಿ.

ಅವರು ಏನು ಹೇಳಿದರು ಎನ್ನುವುದನ್ನು ನೋಡಿ. ‘ಅಬ್ಬಾ, ಮರದಲ್ಲಿ ಶಾವಿಗೆ!’ ಎನ್ನಲಿಲ್ಲ. ಈ ಸಲ ಚಳಿ ಕಡಿಮೆಯಿದ್ದುದರಿಂದ ಫಸಲು ಚೆನ್ನಾಗಿದೆ ಎಂದರು. ಸ್ಪಾಗೆಟಿಗೆ ತಗಲುವ ಕೀಟ ಹೆಚ್ಚು ಕಡಿಮೆ ಮಾಯವಾಗಿರುವುದೂ ಕಾರಣ ಎಂದರು. ಮಾರ್ಚ್ ಕೊನೆಯಲ್ಲಿ ಹಿಮ ಬಿದ್ದರೆ ರುಚಿ ಕೆಡುತ್ತದೆ, ಬೆಳೆಗಾರರಿಗೆ ಒಳ್ಳೆಯ ಬೆಲೆ ಸಿಗುವುದಿಲ್ಲ ಎಂಬ ಆತಂಕವನ್ನೂ ಹೇಳಿದರು. ಎಳೆಗಳೆಲ್ಲ ಒಂದೇ ಉದ್ದ ಇರುವುದೇಕೆ ಎಂಬ ಅನುಮಾನ ಬರಬಹುದಲ್ಲ, ಅದಕ್ಕೂ ಉತ್ತರವಿತ್ತು: ಹಲವು ವರ್ಷ ತಾಳ್ಮೆಯಿಂದ ತಳಿ ಸುಧಾರಿಸಿದ್ದರ ಫಲವಂತೆ!

ಇಷ್ಟನ್ನೂ ನಾವು ಅಡಿಕೆ ಧಾರಣೆ ಕೇಳುವಾಗಿನ ದನಿಯಲ್ಲೇ ಹೇಳಿದರು. ಒಂದು ಪದವನ್ನೂ ಒತ್ತಲಿಲ್ಲ, ದನಿಯಲ್ಲಿ ನಗುವಿನ ಎಳೆಯೂ ಇರಲಿಲ್ಲ.

ಈ ಉಪಾಯ ಹೊಳೆದದ್ದು ಕ್ಯಾಮೆರಾಮನ್ ಚಾರ್ಲ್ಸ್ ಡಿ ಯೇಗರ್ ಅವರಿಗೆ. ಆಸ್ಟ್ರಿಯಾದಲ್ಲಿ ಅವರು ಹುಡುಗರಾಗಿದ್ದಾಗ ಮೇಷ್ಟ್ರೊಬ್ಬರು, ಸ್ಪಾಗೆಟಿ ಮರದಲ್ಲಿ ಬೆಳೆಯುತ್ತದೆ ಎಂದರೂ ನಂಬುವಂಥ ದಡ್ಡರು ನೀವು ಎಂದು ಮಕ್ಕಳನ್ನು ಬೈಯುತ್ತಿದ್ದರಂತೆ. ಆ ಬೈಗುಳವೇ ಬೀಜವಾಯಿತು. (ಬೈದದ್ದೂ ಒಮ್ಮೊಮ್ಮೆ ಹೀಗೆ ಫಲ ಕೊಡುವುದುಂಟು. ನಾನೂ ಮೇಷ್ಟ್ರಾಗಿದ್ದವನು, ಇಂಥದ್ದನ್ನು ಕೇಳಿದಾಗ ಸ್ವಲ್ಪ ಸಮಾಧಾನ.)

ಮೊಮ್ಮಗಳು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ತಟ್ಟನೆ ನಿಲ್ಲಿಸಿ ಕೇಳಿದಳು, “ತಾತ, ನೀವು ನಗಲೇ ಇಲ್ಲ. ನಾನು ಯಾಕೆ ನಕ್ಕೆ?”

ಅದೇ ಪ್ರಶ್ನೆ. ಯಾರಾದರೂ ಮಾತಾಡುವಾಗ ನಾವು ಎರಡನ್ನು ಒಟ್ಟಿಗೆ ಕೇಳಿಸಿಕೊಳ್ಳುತ್ತೇವೆ. ಒಂದು ಮಾತು, ಇನ್ನೊಂದು ದನಿ. ಸಾಮಾನ್ಯವಾಗಿ ಎರಡೂ ಒಂದೇ ದಾರಿಯಲ್ಲಿ ಹೋಗುತ್ತವೆ. ಮಾತು ‘ಸುಳ್ಳು’ ಎನ್ನುತ್ತಾ, ದನಿ ‘ನಿಜ’ ಎಂದಾಗ ಮನಸ್ಸು ಒಂದು ಕ್ಷಣ ಎಡವುತ್ತದೆ. ದನಿಯನ್ನು ನಂಬಿ ಎರಡು ಹೆಜ್ಜೆ ಮುಂದೆ ಹೋಗಿ, ‘ಅರೆ, ಇದು ಸಾಧ್ಯವೇ ಇಲ್ಲವಲ್ಲ!’ ಎಂದು ತಿರುಗುತ್ತದೆ. ಆ ತಿರುಗುವಿಕೆಯಲ್ಲೇ ನಗು ಹುಟ್ಟುವುದು. ಯಾರೂ ತೋರಿಸಿಕೊಡದೆ ತಾನೇ ಹಿಡಿದೆನಲ್ಲ ಎಂಬ ಖುಷಿಯೂ ಅದಕ್ಕೆ ಸೇರುತ್ತದೆ. ನೀವು ನಕ್ಕುಕೊಂಡು ಹೇಳಿದರೆ ಮಾತು, ದನಿ ಎರಡೂ ‘ಸುಳ್ಳು’ ಎನ್ನುತ್ತವೆ. ಎಡವಲು ಕಲ್ಲೇ ಇರುವುದಿಲ್ಲ.

ಮೂಕಿ ಚಿತ್ರಗಳ ಬಸ್ಟರ್ ಕೀಟನ್ ಇದನ್ನು ಚಿಕ್ಕಂದಿನಲ್ಲೇ ಕಂಡುಕೊಂಡಿದ್ದರು. ತಂದೆ ತಾಯಿಯ ಜೊತೆ ವೇದಿಕೆಯಲ್ಲಿ ಬೆಳೆದ ಹುಡುಗ. ಹಾಸ್ಯದ ಆಟದಲ್ಲಿ ತಂದೆ ಅವರನ್ನು ಎತ್ತಿ ಎಸೆಯುತ್ತಿದ್ದರು. ಬಿದ್ದೆದ್ದು ತಾನು ನಕ್ಕರೆ ಜನ ಕಡಿಮೆ ನಗುತ್ತಾರೆ, ಮುಖ ಕಲ್ಲಿನಂತಿದ್ದರೆ ಜೋರಾಗಿ ನಗುತ್ತಾರೆ ಎಂಬುದನ್ನು ಗಮನಿಸಿದರು. ಆಮೇಲೆ ತೆರೆಯ ಮೇಲೂ ಆ ಕಲ್ಲು ಮುಖವನ್ನೇ ಉಳಿಸಿಕೊಂಡರು.

ಸರಿ, ನಾವು ಮೀನಿನ ಸುದ್ದಿಯನ್ನು ತಿದ್ದಲು ಕೂತೆವು. ಮೊದಲು ‘ಹ್ಹಹ್ಹ’ ಹೋಯಿತು. ಆಮೇಲೆ ಆಶ್ಚರ್ಯ ಚಿಹ್ನೆಗಳು. ಆದರೆ ಬರೀ ತೆಗೆದರೆ ಸಾಲದು. ಡಿಂಬಲ್ಬಿಯವರ ಹಿಮ, ಕೀಟ, ಬೆಲೆಗಳ ಹಾಗೆ ನಿಜವಾದ ವಾರ್ತೆಯಲ್ಲಿ ಬರುವಂಥ ನೀರಸ ವಿವರ ಬೇಕು. ಸಪ್ಪೆ ದನಿಗೆ ಸಪ್ಪೆ ವಿವರವೇ ಜೊತೆ. ಅರ್ಧ ಗಂಟೆಯ ನಂತರ ಹಾಳೆಯಲ್ಲಿ ಹೀಗಿತ್ತು:

“ನಮ್ಮೂರ ಕೆರೆಯ ಮೀನುಗಳಿಗಾಗಿ ಹತ್ತು ದಿನಗಳ ಉಚಿತ ಈಜು ತರಬೇತಿ ಶಿಬಿರ ಸೋಮವಾರ ಆರಂಭವಾಯಿತು. ಒಟ್ಟು 42 ಮೀನುಗಳು ಹೆಸರು ನೋಂದಾಯಿಸಿವೆ. ನೆಗಡಿಯ ಕಾರಣ ಮೂರು ಮೀನುಗಳು ಮೊದಲ ದಿನ ನೀರಿಗೆ ಇಳಿಯಲಿಲ್ಲ. ಶಿಬಿರಾರ್ಥಿಗಳು ಟವೆಲ್‌ಗಳನ್ನು ತಾವೇ ತರತಕ್ಕದ್ದು.”

ನೆಗಡಿ ಅವಳದ್ದು. ‘ತರತಕ್ಕದ್ದು’ ನನ್ನದು, ಮೂವತ್ತು ವರ್ಷ ಸುತ್ತೋಲೆ ಓದಿದ ಫಲ. ಇಲ್ಲಿ ಸಂಖ್ಯೆಯನ್ನೂ ಗಮನಿಸಿ. ಅವಳು ಮೊದಲು ‘ಒಂದು ಕೋಟಿ ಮೀನು’ ಎಂದು ಬರೆದಿದ್ದಳು. ಕೋಟಿ ಎಂದರೆ ಬುರುಡೆ ಎಂದು ಕೂಡಲೇ ಗೊತ್ತಾಗುತ್ತದೆ. ನಲವತ್ತೆರಡು ಎಂದರೆ ಯಾರೋ ಕೆರೆ ಏರಿಯ ಮೇಲೆ ಕೂತು ಎಣಿಸಿದ ಹಾಗಿರುತ್ತದೆ.

ಇನ್ನು ಉಳಿದದ್ದು ಅವಳ ನಗು. ತುಟಿ ಕಚ್ಚಿ ತಡೆಯಲು ನೋಡಿದಳು. ಕೆನ್ನೆ ಉಬ್ಬಿ ಬುಸ್ಸೆಂದಿತು. ಹುಬ್ಬು ಗಂಟಿಕ್ಕಿದಳು, ಮೀನುಗಳ ಮೇಲೆ ಸಿಟ್ಟು ಬಂದವಳಂತೆ ಕಂಡಳು. ದನಿ ಇಳಿಸಿದಳು, ನಿದ್ದೆಗಣ್ಣಿನಲ್ಲಿ ಗೊಣಗಿದ ಹಾಗಾಯಿತು. ಸಪ್ಪೆ ದನಿ ಎಂದರೆ ಜೀವವಿಲ್ಲದ ದನಿ ಅಲ್ಲ. ಆಕಾಶವಾಣಿಯ ವಾರ್ತೆ ಓದುವವರ ದನಿ ಸ್ಪಷ್ಟವಾಗಿರುತ್ತದೆ, ಚುರುಕಾಗಿಯೂ ಇರುತ್ತದೆ. ಮಳೆ ಸುದ್ದಿಗೂ ಮಂತ್ರಿ ಸುದ್ದಿಗೂ ವ್ಯತ್ಯಾಸ ತೋರಿಸುವುದಿಲ್ಲ, ಅಷ್ಟೆ.

ಕೊನೆಗೆ ಕೈಹಿಡಿದದ್ದು ದಿನಪತ್ರಿಕೆ. ಅದರಿಂದ ಮೂರು ನಿಜವಾದ ಸುದ್ದಿಗಳನ್ನು ಗಟ್ಟಿಯಾಗಿ ಓದುವುದು, ನಿಲ್ಲಿಸದೆ ಅದೇ ವೇಗದಲ್ಲಿ ಮೀನಿನ ಸುದ್ದಿಗೆ ಹೋಗುವುದು. ನಗು ಬರುತ್ತಿದ್ದುದು ತಮಾಷೆಯ ಪದಕ್ಕೆ ಸ್ವಲ್ಪ ಮುಂಚೆ, ‘ಈಗ ಬರುತ್ತೆ, ಈಗ ಬರುತ್ತೆ’ ಎಂದು ಮನಸ್ಸು ಕಾಯುವಾಗ. ಆದ್ದರಿಂದ ಓದುತ್ತಿರುವ ಸಾಲು ಬಿಟ್ಟು ಮುಂದಿನ ಸಾಲಿನ ಮೇಲೆ ಗಮನ ಇಡು ಎಂದೆ. ಗೆಳತಿಯರ ಮುಖ ನೋಡಬೇಡ. ಹಿಂದಿನ ಗೋಡೆಯ ಗಡಿಯಾರ ನೋಡು. ಜನ ನಕ್ಕಾಗ ಅವರ ನಗುವಿನ ಮೇಲೆ ಓದಬೇಡ. ಹಾಳೆ ನೋಡುತ್ತಾ ನಿಲ್ಲು, ‘ಇವರಿಗೇನಾಯಿತು’ ಎನ್ನುವ ಹಾಗೆ.

ಆರನೇ ದಿನಕ್ಕೆ ಅಜ್ಜಿಯನ್ನು ನಗಿಸಿದಳು. ಏಳನೇ ದಿನ ಅದನ್ನು ಪಕ್ಕದ ಮನೆಯ ನಾಲ್ಕು ವರ್ಷದ ಪುಟ್ಟನ ಮೇಲೆ ಪ್ರಯೋಗಿಸಲು ಹೊರಟಳು. ಆಗ ತಡೆದೆ.

ಕಾರಣವಿದೆ. ನನಗೆ ಹತ್ತು ವರ್ಷವಿದ್ದಾಗ ನನ್ನ ತಮ್ಮ ಕಿತ್ತಳೆ ಬೀಜ ನುಂಗಿದ್ದ. ನಾನು ಮುಖದ ಒಂದು ಗೆರೆಯೂ ಅಲುಗದಂತೆ, “ಗುರುವಾರದೊಳಗೆ ಕಿವಿಯಿಂದ ಎಲೆ ಬರುತ್ತೆ ಕಣೋ,” ಎಂದಿದ್ದೆ. ಅವನು ನಗಲಿಲ್ಲ. ಬೀಜ ಮೊಳೆಯಬಾರದೆಂದು ಇಡೀ ದಿನ ನೀರೇ ಕುಡಿಯಲಿಲ್ಲ. ಸಂಜೆ ಅಮ್ಮನಿಗೆ ಗೊತ್ತಾಗುವ ಹೊತ್ತಿಗೆ ಅವನ ತುಟಿ ಒಣಗಿತ್ತು. ನನ್ನ ದನಿ ‘ನಿಜ’ ಎನ್ನುತ್ತಿತ್ತು. ಮಾತು ಸುಳ್ಳೆಂದು ತಿಳಿಯಲು ಅವನ ಬಳಿ ಏನೂ ಇರಲಿಲ್ಲ. ಎಡವಿದವನು ತಿರುಗಿ ನಿಲ್ಲಲಾಗಲಿಲ್ಲ, ಬಿದ್ದೇಬಿಟ್ಟ.

ಸ್ಪಾಗೆಟಿಯ ವಿಷಯದಲ್ಲೂ ಸ್ವಲ್ಪ ಹೀಗೇ ಆಯಿತು. ಆಗಿನ ಬ್ರಿಟನ್ನಿನಲ್ಲಿ ಅದು ಎಲ್ಲರ ಮನೆಯ ತಿಂಡಿಯಾಗಿರಲಿಲ್ಲ. ಬಹಳ ಜನ ಕಂಡಿದ್ದು ಟೊಮೆಟೊ ಸಾಸ್‌ನಲ್ಲಿ ಮುಳುಗಿಸಿದ ಡಬ್ಬಿಯ ಸ್ಪಾಗೆಟಿ ಮಾತ್ರ. ಹಾಗಾಗಿ ಎಷ್ಟೋ ಮಂದಿ ನಂಬಿ, ಮರ ಬೆಳೆಸುವುದು ಹೇಗೆಂದು ಬಿ.ಬಿ.ಸಿ.ಗೆ ಫೋನ್ ಮಾಡಿದರು. ಒಂದು ಎಳೆಯನ್ನು ಟೊಮೆಟೊ ಸಾಸ್ ಡಬ್ಬಿಯಲ್ಲಿ ನೆಟ್ಟು, ಒಳ್ಳೆಯದನ್ನೇ ಆಶಿಸಿ ಎಂಬ ಉತ್ತರ ಸಿಕ್ಕಿತಂತೆ, ಅದೂ ಅಷ್ಟೇ ಗಂಭೀರವಾಗಿ. ಗಂಭೀರ ಕಾರ್ಯಕ್ರಮದಲ್ಲಿ ಇಂಥ ಆಟ ಸರಿಯೇ ಎಂದು ಬೇಸರಪಟ್ಟವರೂ ಇದ್ದರು. ಅದೇ ಚಿತ್ರವನ್ನು ನಮ್ಮ ಹಳ್ಳಿಯ ಹೆಂಗಸರಿಗೆ, ಶಾವಿಗೆ ಒರಳಿನಲ್ಲಿ ಒತ್ತಿ ತೋಳು ನೋಯಿಸಿಕೊಂಡವರಿಗೆ, ತೋರಿಸಿದ್ದರೆ ಮೊದಲ ಎಳೆ ಕಿತ್ತಾಗಲೇ ನಗುತ್ತಿದ್ದರು.

ಕೇಳುವವರಿಗೆ ಆ ವಿಷಯ ಚೆನ್ನಾಗಿ ಗೊತ್ತಿದ್ದರೆ ಮಾತ್ರ ಇದು ತಮಾಷೆ. ಮೀನಿಗೆ ಈಜು ಬರುತ್ತದೆಂದು ಏಳನೇ ತರಗತಿಗೆ ಗೊತ್ತು. ಕಾಯಿಲೆ, ಔಷಧಿ, ಹೊಟ್ಟೆಯೊಳಗಿನ ಬೀಜ ಇವೆಲ್ಲ ಬೇಡ. ಕೇಳಿದವರು “ಹೌದಾ?” ಎಂದು ಎರಡನೇ ಸಲ ಕೇಳಿ, ಕಣ್ಣಲ್ಲಿ ಗಾಬರಿ ಕಂಡರೆ, ಕಲ್ಲು ಮುಖವನ್ನು ಅಲ್ಲೇ ಬಿಟ್ಟು ‘ಸುಳ್ಳು ಕಣೋ’ ಎಂದು ಹೇಳಿಬಿಡಬೇಕು. ಮೊಮ್ಮಗಳು ತಮ್ಮತಾತನ ಕಥೆ ಕೇಳಿ, “ನೀವು ಸಾರಿ ಕೇಳಿದ್ರಾ?” ಎಂದಳು. ಕೇಳಿರಲಿಲ್ಲ. ಅವತ್ತು ರಾತ್ರಿ ಫೋನ್ ಮಾಡಿ ಕೇಳಿದೆ. ಅರವತ್ತು ದಾಟಿದ ನನ್ನ ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲೆ ಇನ್ನೂ ಬರ್ತಾನೇ ಇದೆ, ವಾರಕ್ಕೊಂದ್ಸಲ ಕತ್ತರಿಸ್ತೀನಿ,” ಎಂದ. ದನಿ ಒಂದಿಷ್ಟೂ ಅಲುಗಲಿಲ್ಲ.

ವಾರ್ಷಿಕೋತ್ಸವದ ದಿನ ನಾನು ಮೂರನೇ ಸಾಲಿನಲ್ಲಿದ್ದೆ. ಅವಳು ಬಂದಳು, ಹಾಳೆ ಬಿಚ್ಚಿದಳು, ಗಡಿಯಾರ ನೋಡಿದಳು. ‘ಶಿಬಿರ ಸೋಮವಾರ ಆರಂಭವಾಯಿತು’ ಎಂಬಲ್ಲಿ ಇಡೀ ಸಭೆ ಸುಮ್ಮನಿತ್ತು. ನನ್ನ ಎದೆ ಡವಡವ. ‘ನೆಗಡಿಯ ಕಾರಣ’ ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಅಜ್ಜಿ ನಕ್ಕರು. ‘ತರತಕ್ಕದ್ದು’ ಎನ್ನುವ ಹೊತ್ತಿಗೆ ಮಕ್ಕಳಿಗಿಂತ ಮೇಷ್ಟ್ರುಗಳೇ ಹೆಚ್ಚು ನಗುತ್ತಿದ್ದರು. ಅವಳು ಹಾಳೆ ನೋಡುತ್ತಾ ನಿಂತಳು. ನಗು ಇಳಿದ ಮೇಲೆ ಮುಂದಿನ ಪುಟ ತಿರುವಿದಳು.

“ಹವಾಮಾನ,” ಎಂದಳು.

ಹವಾಮಾನಕ್ಕೆ ಇನ್ನೂ ಏನೂ ಆಗಿರಲಿಲ್ಲ. ಆದರೂ ಜನ ನಕ್ಕರು.