ಸಂದರ್ಶನಕ್ಕೆ ಯಾರನ್ನು ಕರೆಯಬೇಕು?

ಪ್ರಶ್ನೆ: ಮಿರಜಿನ ನಮ್ಮ ಆಸ್ಪತ್ರೆಗೆ ಐಸಿಯು ನರ್ಸ್ ಬೇಕು. ಬಂದಿರುವ ಬಯೋಡೇಟಾಗಳನ್ನು ಸೋಸುವುದು ಹೇಗೆ?

ಉತ್ತರ: ಅರ್ಜಿ ತೆರೆಯುವ ಮುನ್ನ, ಆ ನರ್ಸ್ ಒಂದು ರಾತ್ರಿಪಾಳಿಯಲ್ಲಿ ಏನೇನು ಮಾಡಬೇಕು ಎಂದು ಬರೆದಿಟ್ಟುಕೊಳ್ಳಿ. ಮೊದಲ ಜರಡಿ ನರ್ಸಿಂಗ್ ಕೌನ್ಸಿಲ್ ನೋಂದಣಿ. ಇಲ್ಲೊಂದು ಗಡಿಯ ತೊಡಕಿದೆ: ಬೆಳಗಾವಿ, ವಿಜಯಪುರದಲ್ಲಿ ಓದಿದವರ ನೋಂದಣಿ ಸಾಮಾನ್ಯವಾಗಿ ಕರ್ನಾಟಕದ್ದು, ಇಲ್ಲಿ ಕೆಲಸ ಮಾಡಲು ಮಹಾರಾಷ್ಟ್ರ ಕೌನ್ಸಿಲಿನದೂ ಬೇಕು. ಹಾಗೆಂದು ಅವರನ್ನು ಕೈಬಿಡಬೇಡಿ. ಅದಕ್ಕೆ ಅರ್ಜಿ ಹಾಕಿದ್ದಾರೆಯೇ ಎಂದು ಫೋನ್ ಮಾಡಿ ಕೇಳಿ.

ಆಮೇಲೆ ಅನುಭವ. ‘ಐದು ವರ್ಷದ ಅನುಭವ’ ಎಂಬ ಸಾಲಿನಿಂದ ಹೆಚ್ಚೇನೂ ತಿಳಿಯದು. ಎಷ್ಟು ಹಾಸಿಗೆಯ ಐಸಿಯು, ವೆಂಟಿಲೇಟರ್ ಮೇಲಿದ್ದವರನ್ನು ನೋಡಿಕೊಂಡಿದ್ದಾರೆಯೇ ಎಂಬುದರಿಂದ ತಿಳಿಯುತ್ತದೆ. ಅಥಣಿ, ಚಿಕ್ಕೋಡಿ ಕಡೆಯ ರೋಗಿಗಳು ಮಿರಜಿಗೆ ಬರುವುದರಿಂದ ಮರಾಠಿಯ ಜೊತೆ ಕನ್ನಡ ಬಲ್ಲವರಿಗೆ ಅಂಕ ಕೊಡಿ. ಫೋಟೋ, ಹವ್ಯಾಸ, ಇಂಗ್ಲಿಷಿನ ಸೊಗಸು ಇವೆಲ್ಲ ಬರೀ ಗದ್ದಲ. ಹೆರಿಗೆಗೆಂದು ಬಿಟ್ಟ ವರ್ಷವೂ ಅಷ್ಟೇ, ಆದರೆ ನಮ್ಮಲ್ಲಿ ಅರ್ಜಿ ಬದಿಗೆ ಸರಿಯುವುದೇ ಅದರಿಂದ!

ಮೊದಲ ಹತ್ತು ಅರ್ಜಿಗಳಿಗೆ ನೀವೂ ವಾರ್ಡಿನ ಹಿರಿಯ ಸಿಸ್ಟರೂ ಬೇರೆಬೇರೆಯಾಗಿ ಅಂಕ ಹಾಕಿ. ಒಂದೇ ಅರ್ಜಿಗೆ ಅಂಕ ತೀರಾ ಏರುಪೇರಾದರೆ ನಿಮ್ಮ ಮಾನದಂಡ ಸ್ಪಷ್ಟವಾಗಿಲ್ಲ. ಅದನ್ನು ತಿದ್ದಿಕೊಂಡು ಉಳಿದವನ್ನು ನೋಡಿ.