450 ಎಂಎಲ್ ಡಬ್ಬಿಯಲ್ಲಿ ಎಷ್ಟು ಊಟ ಹಿಡಿಯುತ್ತದೆ?

ಆನ್‌ಲೈನ್ ಅಂಗಡಿಯಲ್ಲಿ ಊಟದ ಡಬ್ಬಿ ಹುಡುಕುವವರು ಹೆಚ್ಚಾಗಿ ಕಂಪನಿಯ ಹೆಸರು ಬರೆಯುವುದಿಲ್ಲ, ತಮಗೆ ಬೇಕಾದ್ದನ್ನು ಬರೆಯುತ್ತಾರೆ. ‘ಆಫೀಸಿಗೆ ಸ್ಟೀಲ್ ಲಂಚ್ ಬಾಕ್ಸ್ 3 ಡಬ್ಬಿ’, ‘ಸ್ಕೂಲ್ ಮಕ್ಕಳಿಗೆ 500 ಎಂಎಲ್’, ‘ಸಾಂಬಾರ್ ಸೋರದ ಟಿಫಿನ್ ಬಾಕ್ಸ್’. ಅವರು ಕೇಳುವುದು ಎರಡೇ ಪ್ರಶ್ನೆ: ಇದು ಯಾರ ಊಟಕ್ಕೆ, ಇದರಲ್ಲಿ ಎಷ್ಟು ಹಿಡಿಯುತ್ತದೆ? ಮಾರುವವರು ಬರೆಯುವ ವಿವರಣೆ ಈ ಎರಡಕ್ಕೂ ಉತ್ತರ ಕೊಡಬೇಕು. ಆದರೆ ಎಷ್ಟೋ ಕಡೆ ‘ಪ್ರೀಮಿಯಂ’, ‘ಸ್ಟೈಲಿಶ್’ ಎಂಬ ಮಾತುಗಳೇ ತುಂಬಿಕೊಂಡು, ಅಳತೆ ಎಂದರೆ ಮೂಲೆಯಲ್ಲಿ ಒಂದು ಸಂಖ್ಯೆ ಮಾತ್ರ ಇರುತ್ತದೆ. ಆ ಸಂಖ್ಯೆಯೂ ಅನೇಕ ಸಲ ನಮ್ಮನ್ನು ದಾರಿ ತಪ್ಪಿಸುತ್ತದೆ.

ಒಂದು ಡಬ್ಬಿಯನ್ನೇ ಎದುರಿಗಿಟ್ಟು ನೋಡೋಣ. ಮೂರು ದುಂಡು ಡಬ್ಬಿಗಳ ಸೆಟ್; ಪ್ರತಿಯೊಂದರ ಒಳ ಅಗಲ 12 ಸೆಂ.ಮೀ., ಒಳ ಎತ್ತರ 5 ಸೆಂ.ಮೀ. ಲೆಕ್ಕ ಹಾಕಿದರೆ ಒಂದು ಡಬ್ಬಿಗೆ ಸುಮಾರು 565 ಮಿ.ಲೀ. ಆಗುತ್ತದೆ, ಮೂರಕ್ಕೆ ಹತ್ತಿರಹತ್ತಿರ 1700. ಮಾರುವವರು ಶೀರ್ಷಿಕೆಯಲ್ಲಿ ‘1700 ಎಂಎಲ್’ ಎಂದು ಹಾಕುತ್ತಾರೆ. ಲೆಕ್ಕ ಸುಳ್ಳಲ್ಲ, ಆದರೆ ಅದು ಅಂಚಿನವರೆಗೆ ತುಳುಕುವಂತೆ ನೀರು ತುಂಬಿದಾಗಿನ ಲೆಕ್ಕ. ಮುಚ್ಚಳದ ಒಳಭಾಗ ಮತ್ತು ಅದರ ರಬ್ಬರ್ ರಿಂಗ್ ಡಬ್ಬಿಯೊಳಕ್ಕೆ ಒಂದು ಸೆಂ.ಮೀ.ನಷ್ಟು ಇಳಿದು ಕೂರುತ್ತವೆ ಎಂದಿಟ್ಟುಕೊಳ್ಳಿ. ಊಟಕ್ಕೆ ಉಳಿಯುವ ಎತ್ತರ 4 ಸೆಂ.ಮೀ., ಜಾಗ ಸುಮಾರು 450 ಮಿ.ಲೀ. ಮೂರೂ ಸೇರಿದರೆ 1350. ಒಂದು ಸೆಂ.ಮೀ. ಎಂದರೆ ಕಣ್ಣಿಗೆ ಏನೂ ಅನಿಸದು, ಆದರೆ ಐದರಲ್ಲಿ ಒಂದು ಪಾಲು ಅಲ್ಲಿಯೇ ಹೋಯಿತು.

ಇದನ್ನು ಊಹಿಸಬೇಕಾಗಿಲ್ಲ, ಅಡುಗೆಮನೆಯ ತಕ್ಕಡಿಯಲ್ಲೇ ಅಳೆಯಬಹುದು. ಖಾಲಿ ಡಬ್ಬಿ ಮತ್ತು ಮುಚ್ಚಳವನ್ನು ಒಟ್ಟಿಗೆ ತೂಗಿ ಬರೆದಿಟ್ಟುಕೊಳ್ಳಿ. ಡಬ್ಬಿಗೆ ಅಂಚಿನವರೆಗೆ ನೀರು ತುಂಬಿಸಿ, ಮುಚ್ಚಳವನ್ನು ಪೂರ್ತಿ ಒತ್ತಿ ಹಾಕಿ. ಹೆಚ್ಚಿನ ನೀರು ಹೊರಗೆ ಚೆಲ್ಲುತ್ತದೆ, ಚೆಲ್ಲಲಿ. ಹೊರಗಿನ ಒದ್ದೆ ಒರೆಸಿ ಮತ್ತೆ ತೂಗಿ. ಎರಡು ತೂಕಗಳ ವ್ಯತ್ಯಾಸವೇ ಒಳಗೆ ಉಳಿದ ನೀರು. ಒಂದು ಗ್ರಾಂ ನೀರೆಂದರೆ ಒಂದು ಮಿ.ಲೀ. ಹೀಗೆ ಬಂದ ಸಂಖ್ಯೆಯೇ ಕೊಳ್ಳುವವರಿಗೆ ಬೇಕಾದ್ದು. ಅದನ್ನು ಶೀರ್ಷಿಕೆಯಲ್ಲಿ ‘ತಲಾ 450 ಎಂಎಲ್’ ಎಂದು ಡಬ್ಬಿಯ ಲೆಕ್ಕದಲ್ಲೇ ಕೊಡಬೇಕು. ಮೂರನ್ನೂ ಕೂಡಿಸಿದ ಮೊತ್ತ ನೋಡಿ ಆರ್ಡರ್ ಮಾಡಿದವರು, ಪಾರ್ಸೆಲ್ ಬಿಚ್ಚಿದಾಗ ‘ಇಷ್ಟು ಚಿಕ್ಕದೇ?’ ಎಂದು ವಾಪಸ್ ಕಳಿಸುತ್ತಾರೆ.

ಇನ್ನೊಂದು ಜಾಗದಲ್ಲೂ ಇದೇ ಸಂಖ್ಯೆ ಬರಬೇಕು. ವಸ್ತುವನ್ನು ಮಾರಾಟಕ್ಕೆ ಸೇರಿಸುವಾಗ ತುಂಬುವ ನಮೂನೆಯಲ್ಲಿ ಕೆಪಾಸಿಟಿ ಎಂಬ ಖಾನೆ ಇರುತ್ತದೆ. ಕೊಳ್ಳುವವರು ಫಿಲ್ಟರ್ ಹಾಕಿ ಹುಡುಕಿದಾಗ ಅಂಗಡಿ ನೋಡುವುದು ಸಾಮಾನ್ಯವಾಗಿ ಇಂಥ ಖಾನೆಗಳನ್ನು. ಕೆಳಗೆ ವಿವರಣೆಯಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದರೂ, ಖಾನೆ ಖಾಲಿಯಿದ್ದರೆ ಡಬ್ಬಿ ಅವರ ಕಣ್ಣಿಗೇ ಬೀಳದೆ ಹೋಗಬಹುದು. ಮೊಬೈಲಿನಲ್ಲಿ ಉದ್ದ ಶೀರ್ಷಿಕೆ ಅರ್ಧಕ್ಕೇ ಕತ್ತರಿಸಿಹೋಗುವುದರಿಂದ ಲೋಹ, ಡಬ್ಬಿಗಳ ಸಂಖ್ಯೆ, ಅಳತೆ, ಉಪಯೋಗ ಈ ನಾಲ್ಕು ಮೊದಲಿಗೇ ಬಂದುಬಿಡಬೇಕು. ಬಣ್ಣ, ಚೀಲ ಆಮೇಲೆ ಬಂದರೂ ನಡೆಯುತ್ತದೆ.

ಆದರೆ ಮಿಲಿಲೀಟರ್ ಒಂದೇ ಸಾಲದು. ನಾವು ಡಬ್ಬಿಗೆ ತುಂಬುವುದು ನೀರನ್ನಲ್ಲ, ಚಪಾತಿ, ಇಡ್ಲಿ, ಮುದ್ದೆಗಳನ್ನು. ಅವುಗಳಿಗೆ ಅವುಗಳದೇ ಆಕಾರವಿದೆ. ಚಪಾತಿಯನ್ನು ನಾಲ್ಕಾಗಿ ಮಡಿಸಿದರೆ ಅದು ಹಿಡಿಯುವ ಅಗಲ ಮೂಲ ಅಗಲದ ಸುಮಾರು ಹತ್ತರಲ್ಲಿ ಏಳು ಪಾಲು. ಹಾಗಾಗಿ 16 ಸೆಂ.ಮೀ. ಚಪಾತಿ ನಮ್ಮ 12 ಸೆಂ.ಮೀ. ಡಬ್ಬಿಯಲ್ಲಿ ಆರಾಮವಾಗಿ ಕೂರುತ್ತದೆ, 18 ಸೆಂ.ಮೀ. ಚಪಾತಿ ಅಂಚಿಗೆ ಒತ್ತಿಕೊಂಡು ಮುದುಡುತ್ತದೆ. ಇಡ್ಲಿಯ ಕಥೆ ಬೇರೆ. ಏಳೂವರೆ ಸೆಂ.ಮೀ. ಅಗಲದ ಎರಡು ಇಡ್ಲಿ ಪಕ್ಕಪಕ್ಕ ಇಡಲು 15 ಸೆಂ.ಮೀ. ಬೇಕು, ಈ ಡಬ್ಬಿಯಲ್ಲಿ ಒಂದರ ಪಕ್ಕ ಇನ್ನೊಂದಕ್ಕೆ ಜಾಗವೇ ಇಲ್ಲ, ಕತ್ತರಿಸಿ ಇಡಬೇಕು. ಒಳಗೆ 16 ಸೆಂ.ಮೀ. ಉದ್ದ, 11 ಸೆಂ.ಮೀ. ಅಗಲ ಇರುವ ಆಯತಾಕಾರದ ಡಬ್ಬಿಯಾದರೆ ಅವು ಹಾಗೆಯೇ ಜೋಡಿಯಾಗಿ ಕೂರುತ್ತವೆ. ಮುದ್ದೆಗಂತೂ ಎತ್ತರವೇ ಮುಖ್ಯ. 8 ಸೆಂ.ಮೀ. ಅಗಲದ ಮುದ್ದೆಯ ಗಾತ್ರ 270 ಮಿ.ಲೀ. ಆಸುಪಾಸು. 450ರ ಡಬ್ಬಿಗೆ ಅದೇನೂ ಹೆಚ್ಚಲ್ಲ, ಆದರೂ 4 ಸೆಂ.ಮೀ. ಎತ್ತರದಲ್ಲಿ ಅದನ್ನು ಒತ್ತಿ ಚಪ್ಪಟೆ ಮಾಡದೆ ಮುಚ್ಚಳ ಹಾಕಲಾಗದು. ಒಳ ಅಗಲ ಮತ್ತು ಒಳ ಎತ್ತರವನ್ನು ಬಿಡಿಬಿಡಿಯಾಗಿ ಬರೆಯಬೇಕು ಎನ್ನುವುದು ಇದಕ್ಕೇ. ಹೊರಗಿನ ಅಳತೆ ಚೀಲಕ್ಕೆ ಹಿಡಿಯುತ್ತದೆಯೇ ಎಂದು ತಿಳಿಯಲು ಬೇಕು, ಊಟಕ್ಕೆ ಅದರಿಂದ ಪ್ರಯೋಜನವಿಲ್ಲ.

ಸೋರುವ ವಿಷಯದಲ್ಲೂ ‘ಲೀಕ್ ಪ್ರೂಫ್’ ಎಂದು ಬರೆಯುವ ಮೊದಲು ಪರೀಕ್ಷೆ ಆಗಬೇಕು. ಅರಿಶಿನ ಹಾಕಿದ ತೆಳು ಸಾರು ತುಂಬಿಸಿ, ಮುಚ್ಚಿ, ಹಳೆಯ ಪತ್ರಿಕೆಯ ಮೇಲೆ ಹತ್ತು ನಿಮಿಷ ಬೋರಲು ಹಾಕಿ. ಆಮೇಲೆ ಅಡ್ಡ ಮಲಗಿಸಿ ಸ್ವಲ್ಪ ಅಲ್ಲಾಡಿಸಿ. ಕಾಗದದ ಮೇಲೆ ಹಳದಿ ಬಿದ್ದರೆ ಅದು ಗಟ್ಟಿ ಹುಳಿ, ಪಲ್ಯಕ್ಕೆ ಆಗುವ ಡಬ್ಬಿ, ಸಾರಿಗಲ್ಲ; ಅದನ್ನೇ ಹಾಗೆಯೇ ಬರೆದುಬಿಡಬೇಕು. ರಬ್ಬರ್ ರಿಂಗ್ ಬಿಗಿಯಾಗಿದ್ದಷ್ಟೂ ಇನ್ನೊಂದು ತೊಂದರೆ ಇದೆ. ಬಿಸಿಬಿಸಿ ಅನ್ನ ಹಾಕಿ ಮುಚ್ಚಿದರೆ ಒಳಗಿನ ಹಬೆ ತಣಿದು ಒತ್ತಡ ಇಳಿಯುತ್ತದೆ, ಮುಚ್ಚಳ ಒಳಕ್ಕೆ ಎಳೆದುಕೊಳ್ಳುತ್ತದೆ. ದೊಡ್ಡವರು ಹೇಗೋ ತೆಗೆಯುತ್ತಾರೆ. ಒಂದನೇ ತರಗತಿಯ ಮಗುವಿಗೆ ಆಗದು, ಡಬ್ಬಿ ತುಂಬಿದ ಹಾಗೆಯೇ ಮನೆಗೆ ಬರುತ್ತದೆ. ‘ಮಕ್ಕಳಿಗೆ’ ಎಂದು ಬರೆಯುವವರು ಮುಚ್ಚಳ ತೆಗೆಯುವುದು ಎಷ್ಟು ಸುಲಭ, ಖಾಲಿ ಡಬ್ಬಿಯ ತೂಕ ಎಷ್ಟು ಎಂಬುದನ್ನು ಹೇಳಲೇಬೇಕು.

ಸ್ಟೀಲಿನ ಬಗ್ಗೆ ಚಿಕ್ಕದಾಗಿ. 304 ಎಂಬ ಬಗೆಯಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು. ಉಪ್ಪು, ಹುಳಿಗೆ 304 ಹೆಚ್ಚು ತಾಳುತ್ತದೆ. ಅಯಸ್ಕಾಂತ ಹಿಡಿದು ಇವೆರಡನ್ನು ಬೇರೆ ಮಾಡಲು ಆಗದು, ಎರಡೂ ಸಾಮಾನ್ಯವಾಗಿ ಅಂಟುವುದಿಲ್ಲ. ಹೊರಗೆ ಪ್ಲಾಸ್ಟಿಕ್, ಒಳಗೆ ಮಾತ್ರ ಸ್ಟೀಲ್ ಇರುವ ಡಬ್ಬಿಯನ್ನು ಬರೀ ‘ಸ್ಟೀಲ್ ಲಂಚ್ ಬಾಕ್ಸ್’ ಎಂದು ಮಾರುವುದು ನ್ಯಾಯವಲ್ಲ. ಅದು ನಿರ್ವಾತ ಗೋಡೆಯ ಫ್ಲಾಸ್ಕಿನಷ್ಟು ಹೊತ್ತು ಬಿಸಿಯನ್ನೂ ಉಳಿಸದು.

ಇಷ್ಟನ್ನೂ ಸೇರಿಸಿ ನಮ್ಮ ಡಬ್ಬಿಗೆ ವಿವರಣೆ ಬರೆದರೆ ಹೀಗಿರುತ್ತದೆ:

‘ಸ್ಟೀಲ್ ಲಂಚ್ ಬಾಕ್ಸ್, 3 ಡಬ್ಬಿ, ತಲಾ 450 ಎಂಎಲ್, ಆಫೀಸ್ ಊಟಕ್ಕೆ. ಒಬ್ಬರ ಪೂರ್ತಿ ಊಟ ಹಿಡಿಯುತ್ತದೆ: ಒಂದರಲ್ಲಿ ಸುಮಾರು ಎರಡು ಕಪ್ ಅನ್ನ, ಇನ್ನೊಂದರಲ್ಲಿ ನಾಲ್ಕಾಗಿ ಮಡಿಸಿದ 4 ಚಪಾತಿ (16 ಸೆಂ.ಮೀ. ಅಗಲದವು), ಮೂರನೆಯದರಲ್ಲಿ ಪಲ್ಯ ಅಥವಾ ಗಟ್ಟಿ ಹುಳಿ. ಒಳ ಅಗಲ 12 ಸೆಂ.ಮೀ., ಮುಚ್ಚಳ ಹಾಕಿದ ಮೇಲೆ ಉಳಿಯುವ ಎತ್ತರ 4 ಸೆಂ.ಮೀ. ತೆಳು ಸಾರಿಗೆ ಸೂಕ್ತವಲ್ಲ. ಬಿಸಿ ಉಳಿಸುವ ಡಬ್ಬಿ ಅಲ್ಲ. ಇಡ್ಲಿ ಕತ್ತರಿಸಿ ಇಡಬೇಕು.’

‘ಅಲ್ಲ’ ಎಂದು ಬರೆದರೆ ಮಾರಾಟ ತಗ್ಗುತ್ತದೆ ಎಂಬ ಭಯ ಹಲವರಿಗಿದೆ. ಸಾರು ಒಯ್ಯುವವರು ಈ ಸಾಲು ಓದಿ ಮುಂದೆ ಹೋಗುತ್ತಾರೆ ನಿಜ, ಆದರೆ ಅವರು ಕೊಂಡಿದ್ದರೂ ಆ ಡಬ್ಬಿ ವಾಪಸ್ ಬರುತ್ತಿತ್ತು, ಜೊತೆಗೆ ಒಂದು ಕೆಟ್ಟ ವಿಮರ್ಶೆಯೂ.

ಕೊಳ್ಳುವವರು ಮೊಬೈಲ್ ತೆರೆಯುವ ಮೊದಲು ಮನೆಯ ಚಪಾತಿಯನ್ನು ಒಮ್ಮೆ ಸ್ಕೇಲಿಟ್ಟು ಅಳೆದುಕೊಳ್ಳಿ, ದಿನಾ ಒಯ್ಯುವ ಅನ್ನ ಎಷ್ಟು ಕಪ್ ಎಂದು ನೋಡಿಕೊಳ್ಳಿ. ವಿವರಣೆಯಲ್ಲಿ ಒಳ ಅಳತೆ ಇಲ್ಲದಿದ್ದರೆ ಮಾರುವವರನ್ನೇ ಕೇಳಿ. ಉತ್ತರ ಬರದಿದ್ದರೆ ಆ ಡಬ್ಬಿ ಬಿಟ್ಟು ಬೇರೆಯದು ನೋಡಿ.